ಅಜ್ಜನ ವರ್ಕ್‌ಶಾಪ್ ಗ್ರೂಪ್ ಫೋಟೋ ಮ್ಯೂಸಿಯಂಗೆ ಕೊಡ್ತಿರೋ ಬಗ್ಗೆ

ಮುಖ್ಯಸ್ಥರಿಗೆ,
ರೈಲ್ವೆ ಮ್ಯೂಸಿಯಂ, ಮೈಸೂರು

ನಮಸ್ಕಾರ ಸರ್,

ಫೋನಲ್ಲಿ ಮಾತಾಡಿದ ಹಾಗೆ ನಮ್ಮ ತಾತ ಪುಟ್ಟರಂಗಯ್ಯ ಅವರ ಗ್ರೂಪ್ ಫೋಟೋನ ನಮ್ಮ ಮನೆಯವರೆಲ್ಲ ಒಪ್ಪಿ ಮ್ಯೂಸಿಯಂಗೆ ಕೊಡ್ತಿದ್ದೀವಿ. ತಾತ ಅಶೋಕಪುರಂ ರೈಲ್ವೆ ವರ್ಕ್‌ಶಾಪಲ್ಲಿ ಫಿಟ್ಟರ್ ಆಗಿದ್ರು. ಫೋಟೋದಲ್ಲಿ ಒಟ್ಟು 28 ಜನ ಇದ್ದಾರೆ, ನಮಗೆ ಹೆಸರು ಗೊತ್ತಿರೋದು 10 ಜನರದ್ದು ಮಾತ್ರ, ಯಾರ ಹೆಸರು ಹೇಗೆ ಗೊತ್ತಾಯ್ತು ಅನ್ನೋದನ್ನ ಬರೆದಿಡಬೇಕು ಅಂತಲೇ ಈ ಪತ್ರ.

ಕುರ್ಚಿ ಮೇಲೆ ಕೂತಿರೋರು 6 ಜನ. ಅವರ ಹೆಸರು ಕೆಳಗಡೆ ರಟ್ಟಿನ ಮೇಲೆ ಅಚ್ಚಾಗಿದೆ, ಆದ್ರೆ ಬಲಗಡೆ ಮೂಲೆ ಗೆದ್ದಲು ತಿಂದು ಕೊನೇ ಇಬ್ಬರ ಹೆಸರೂ ಇಸವಿಯೂ ಹೋಗಿದೆ. ಅವರ ಹಿಂದೆ ನಿಂತಿರೋ ಸಾಲಲ್ಲಿ 11 ಜನ. ರಟ್ಟಿನ ಹಿಂದುಗಡೆ ತಾತ ಪೆನ್ಸಿಲಲ್ಲಿ ಬರೆದಿದ್ದಾರೆ: ಬೋರಯ್ಯ, ಸತ್ತಾರ್ ಸಾಬ್ರು, ನಾನು, ಮರಿಜೋಸೆಫ್, ಪೈಂಟರ್ ಮಣಿ. ಅಲ್ಲಿಗೆ ನಿಲ್ಲಿಸಿದ್ದಾರೆ, ಉಳಿದ 6 ಜನರದ್ದು ಬರೆದಿಲ್ಲ. ಎಡದಿಂದ ಎಣಿಸಿದ್ರೆ ಮೂರನೇಯವರು ನಮ್ಮ ತಾತಾನೇ, ಬಲದಿಂದ ಎಣಿಸಿದ್ರೆ ಅಲ್ಲಿ ಗಡ್ಡ ಬಿಟ್ಟಿರೋ ಬೇರೆಯವರು ಬರ್ತಾರೆ, ಹಾಗಾಗಿ ತಾತ ಎಡದಿಂದಲೇ ಬರೆದಿದ್ದಾರೆ ಅಂತ ಖಾತ್ರಿ ಆಯ್ತು. ಮಣಿಯವರನ್ನ ನಮ್ಮ ದೊಡ್ಡತ್ತೆ ಚಿಕ್ಕವಯಸ್ಸಲ್ಲಿ ನೋಡಿದ್ರಂತೆ, ಮನೇಲಿರೋ ತಾತನ ಕಬ್ಬಿಣದ ಟ್ರಂಕಿನ ಮೇಲೆ ಹೆಸರು ಬರೆದುಕೊಟ್ಟವರು ಅವರೇ, ಮುಖ ನೋಡಿ ಹೌದು ಇವರೇ ಅಂದ್ರು. ನೆಲದ ಮೇಲೆ ಕೂತಿರೋ ಇಬ್ಬರು ಹುಡುಗರಲ್ಲಿ ಎಡಗಡೆಯವನು ಚಿಕ್ಕಣ್ಣ ಅಂತ ನಮ್ಮಜ್ಜಿ ಹೇಳ್ತಿದ್ರು, ಇದಕ್ಕೆ ಬರವಣಿಗೆ ಆಧಾರ ಇಲ್ಲ, ಅಜ್ಜಿ ಬಾಯಿಮಾತು ಅಂತಲೇ ದಾಖಲೆ ಮಾಡ್ಕೊಳ್ಳಿ. ಹಿಂದಿನ ಸಾಲಲ್ಲಿ ಬೆಂಚಿನ ಮೇಲೆ ನಿಂತಿರೋ 9 ಜನರಲ್ಲಿ ಒಬ್ಬರ ಹೆಸರೂ ಗೊತ್ತಿಲ್ಲ.

ಇಸವಿ ವಿಷಯ. ರಟ್ಟಿನ ಮೇಲೆ ಮೈಸೂರು ಸ್ಟೇಟ್ ರೈಲ್ವೆ ಅಂತ ಅಚ್ಚಾಗಿದೆ, ಅದು ದಕ್ಷಿಣ ರೈಲ್ವೆಗೆ ಸೇರಿದ್ದು 1951ರ ಏಪ್ರಿಲ್ 14ಕ್ಕೆ. ತಾತನ ಸರ್ವಿಸ್ ಪುಸ್ತಕದ ಪ್ರಕಾರ ಅವರು ಕೆಲಸಕ್ಕೆ ಸೇರಿದ್ದು 1946ರಲ್ಲಿ. ಹಾಗಾಗಿ 1946ರಿಂದ 1951ರ ಒಳಗೆ ಅಂತ ಬರೀರಿ, ಸುಮ್ನೆ 1950 ಅಂತ ಒಂದು ಇಸವಿ ಹಾಕೋದು ಬೇಡ.

ನಮ್ಮ ಮುಖ್ಯವಾದ ವಿನಂತಿ ಇದು ಸರ್. ಗೋಡೆಗೆ ಹಾಕುವಾಗ ಗೊತ್ತಿರೋ 10 ಹೆಸರು ಮಾತ್ರ ಬರೆದು ಮಿಕ್ಕವರನ್ನ ಬಿಡಬೇಡಿ. ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಟ್ಟು "ಹಿಂದಿನ ಸಾಲು, ಎಡದಿಂದ 4ನೇಯವರು, ಹೆಸರು ತಿಳಿದಿಲ್ಲ" ಅಂತ 18 ಜನರಿಗೂ ಬರೀಬೇಕು. ಇಂಜಿನ್ ಬಿಚ್ಚಿ ಬಾಯ್ಲರ್ ರಿಪೇರಿ ಮಾಡಿ ಮತ್ತೆ ಹಳಿ ಮೇಲೆ ನಿಲ್ಲಿಸ್ತಿದ್ದೋರು ಇವರೆಲ್ಲ, ಕುರ್ಚಿ ಸಿಕ್ಕಿದವರ ಹೆಸರು ಅಚ್ಚಾಯ್ತು, ನಿಂತವರದ್ದು ನಮ್ಮ ತಾತ ಪೆನ್ಸಿಲ್ ಹಿಡಿದ್ರಿಂದ ಅಷ್ಟಾದ್ರೂ ಉಳೀತು. ಸಾಲು, ನಂಬರ್ ಇದ್ರೆ ನಾಳೆ ಅವರ ಮೊಮ್ಮಕ್ಕಳು ಯಾರಾದ್ರೂ ಬಂದು ಇವರು ನಮ್ಮ ತಾತ ಅಂದಾಗ ಆ ಜಾಗಕ್ಕೇ ಹೆಸರು ಸೇರಿಸ್ಬಹುದು. ಹೇಳಿದವರು ಯಾರು, ಯಾವತ್ತು ಹೇಳಿದ್ರು ಅನ್ನೋದನ್ನೂ ಜೊತೇಲೇ ಬರೆದಿಡಿ. ಮುಖ ಹೋಲುತ್ತೆ ಅಂತ ಮಾತ್ರ ಹೆಸರು ಹಾಕ್ಬೇಡಿ, ನಮ್ಮ ಮನೇಲೇ ಒಂದು ಮುಖಕ್ಕೆ ಮೂರು ಹೆಸರು ಬಂದಿತ್ತು, ಅದಕ್ಕೇ ಅವರನ್ನ ಗೊತ್ತಿಲ್ಲದವರ ಪಟ್ಟೀಲೇ ಇಟ್ಟಿದ್ದೀವಿ.

ಆಗೋದಾದ್ರೆ ಒಂದು ದೊಡ್ಡ ಪ್ರಿಂಟ್ ತೆಗೆಸಿ ವರ್ಕ್‌ಶಾಪಿನ ರಿಟೈರ್ಡ್ ನೌಕರರಿಗೆ, ಅಶೋಕಪುರಂ ಕಡೆ ಇರೋ ಹಳೇ ಮನೆಯವರಿಗೆ ತೋರ್ಸಿ, ನಮ್ಮ ದೊಡ್ಡತ್ತೇನೂ ಬರ್ತಾರೆ, ಅವರಿಗೆ ಈಗ 82, ಹಾಗಾಗಿ ಬೇಗ ಮಾಡಿದ್ರೆ ಒಳ್ಳೇದು.

ಒರಿಜಿನಲ್ ನಮಗೆ ವಾಪಸ್ ಬೇಡ, ಅದು ನಿಮ್ಮ ಹತ್ರಾನೇ ಇರ್ಲಿ. ಮುಂದಿನದು ಹಿಂದಿನದು ಎರಡೂ ಸ್ಕ್ಯಾನ್ ಮಾಡಿ ಒಂದು ಕಾಪಿ ಕೊಡಿ ಸಾಕು. ಪುಸ್ತಕಕ್ಕೋ ಪೇಪರ್‌ಗೋ ಯಾರಾದ್ರೂ ಕೇಳಿದ್ರೆ ಧಾರಾಳವಾಗಿ ಕೊಡಿ, ಆದ್ರೆ ಅಕ್ಕಪಕ್ಕದವರನ್ನ ಕತ್ತರಿಸಿ ಕುರ್ಚಿ ಸಾಲು ಮಾತ್ರ ಕೊಡೋದು ಬೇಡ, ಬಣ್ಣ ತುಂಬಿಸೋದೂ ಬೇಡ.

ಶನಿವಾರ ನಾನೂ ಚಿಕ್ಕಪ್ಪಾನೂ ತಂದುಕೊಡ್ತೀವಿ. ಕಟ್ಟು ಬಿಚ್ಚಿಲ್ಲ, ಹಿಂದಿನ ಪ್ಲೈವುಡ್ ಮಾತ್ರ ತೆಗೆದಿದ್ದೀವಿ. ಬಲಗಡೆ ಫೋಟೋ ಗಾಜಿಗೆ ಅಂಟಿಕೊಂಡಿದೆ, ಅದು ಗೊತ್ತಿರೋರು ಬರೋ ತನಕ ಯಾರೂ ಎಳೀಬೇಡಿ, ಅಂಟಿರೋ ಕಡೇನೇ ಹಿಂದಿನ ಸಾಲಿನ ಇಬ್ಬರ ಮುಖ ಇದೆ.

ಇಂತಿ,
ಸುಮಾ, ಮನೆಯವರೆಲ್ಲರ ಪರವಾಗಿ
ಚಾಮುಂಡಿಪುರಂ, ಮೈಸೂರು