ವಿಷಯ: ಪ್ರೀಮಿಯಂ ಕಟ್ಟಲು ಜುಲೈ 20ರವರೆಗೆ ಸಮಯ ಕೊಡಲು ಕೋರಿಕೆ

ಪಾಲಿಸಿ ಸೇವಾ ವಿಭಾಗದವರಿಗೆ,

ನಮಸ್ಕಾರ.

ನನ್ನ ಟರ್ಮ್ ಪಾಲಿಸಿಯ ವಾರ್ಷಿಕ ಪ್ರೀಮಿಯಂ ಜೂನ್ 3ಕ್ಕೆ ಕಟ್ಟಬೇಕಿತ್ತು. 30 ದಿನಗಳ ಗ್ರೇಸ್ ಅವಧಿ ಜುಲೈ 3ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಪೂರ್ತಿ ಹಣ ಹೊಂದಿಸಲು ನನ್ನಿಂದ ಆಗುತ್ತಿಲ್ಲ. ದಯವಿಟ್ಟು ಜುಲೈ 20ರವರೆಗೆ ಸಮಯ ಕೊಡಿ.

ನಾನು ಕೆಲಸ ಮಾಡುವ ಕಡೆ ಎರಡು ತಿಂಗಳ ಸಂಬಳ ತಡವಾಗಿದೆ. ಬಾಕಿಯೆಲ್ಲ ಜುಲೈ 15ಕ್ಕೆ ಬರುತ್ತದೆ ಎಂದು ಬರೆದು ಕೊಟ್ಟಿದ್ದಾರೆ. ಆ ಪತ್ರವನ್ನು ಇದರ ಜೊತೆ ಲಗತ್ತಿಸಿದ್ದೇನೆ. ಕಳೆದ ಆರು ವರ್ಷಗಳಲ್ಲಿ ಒಂದು ಸಲವೂ ನಾನು ಪ್ರೀಮಿಯಂ ತಡ ಮಾಡಿಲ್ಲ, ನಿಮ್ಮ ದಾಖಲೆಯಲ್ಲೇ ನೋಡಬಹುದು.

ಈ ಪಾಲಿಸಿ ನನಗೆ ಸುಮ್ನೆ ಒಂದು ಕಾಗದವಲ್ಲ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಇಬ್ಬರು ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಅದು ಲ್ಯಾಪ್ಸ್ ಆದರೆ ಎನ್ನುವ ಚಿಂತೆಯೇ ನನಗೆ ಜಾಸ್ತಿ.

ಅವಧಿ ವಿಸ್ತರಿಸಲು ನಿಯಮದಲ್ಲಿ ಅವಕಾಶ ಇಲ್ಲದಿದ್ದರೆ, ಕಂತನ್ನು ತಿಂಗಳಿಗೆ ಬದಲಾಯಿಸಲು ಆಗುತ್ತದೆಯೇ? ಒಂದು ತಿಂಗಳ ಮೊತ್ತವನ್ನು ಈಗಲೇ ಕಟ್ಟುತ್ತೇನೆ. ಅದೂ ಆಗದಿದ್ದರೆ, ಜುಲೈ 20ರೊಳಗೆ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತರಲು ಬಡ್ಡಿ ಎಷ್ಟು, ಹೊಸದಾಗಿ ವೈದ್ಯಕೀಯ ಪರೀಕ್ಷೆ ಬೇಕೇ ಎಂದು ತಿಳಿಸಿ. ತಡದ ಶುಲ್ಕ ಇದ್ದರೆ ಕಟ್ಟಲು ಸಿದ್ಧಳಿದ್ದೇನೆ.

ಇನ್ನೊಂದು ಮಾತು. ಸಮಯ ಕೊಟ್ಟರೆ, ಆ ದಿನಗಳಲ್ಲೂ ವಿಮಾ ರಕ್ಷಣೆ ಮುಂದುವರಿಯುತ್ತದೆಯೇ ಎಂಬುದನ್ನು ದಯವಿಟ್ಟು ಬರಹದಲ್ಲೇ ತಿಳಿಸಿ. ಫೋನಿನಲ್ಲಿ ಕೇಳಿದ್ದು ಆಮೇಲೆ ಗೊಂದಲ ಆಗಬಾರದು, ಅಲ್ವಾ?

ಪಾಲಿಸಿಯಲ್ಲಿ ನೋಂದಾಯಿಸಿರುವ ಇಮೇಲ್‌ನಿಂದಲೇ ಬರೆಯುತ್ತಿದ್ದೇನೆ. ಪಾಲಿಸಿಯ ಮೊದಲ ಪುಟವನ್ನೂ ಲಗತ್ತಿಸಿದ್ದೇನೆ. ಜುಲೈ 3ಕ್ಕೆ ಮುಂಚೆ ಉತ್ತರ ಬಂದರೆ ತುಂಬಾ ಉಪಕಾರವಾಗುತ್ತದೆ.

ವಂದನೆಗಳೊಂದಿಗೆ,
ನಿಮ್ಮ ಪಾಲಿಸಿದಾರಳು