ಮೂವತ್ತಕ್ಕೆ ಅರಳು

ಪ್ರೀತಿಯ ನಾನೇ,

ಜನ್ಮದಿನದ ಶುಭಾಶಯಗಳು. ಸ್ವಲ್ಪ ಮುಂಚಿತವಾಗಿಯೇ ಹೇಳುತ್ತಿದ್ದೇನೆ. ಬೆಳಿಗ್ಗೆಯಿಂದ ಎಲ್ಲರೂ ಮೂವತ್ತು, ಮೂವತ್ತು ಎನ್ನುತ್ತಿದ್ದಾರೆ, ಅಮ್ಮ ಮಾತ್ರ ಒಪ್ಪಿಲ್ಲ. ನೀನು ಹುಟ್ಟಿದ್ದು ರಾತ್ರಿ 9.40ಕ್ಕೆ, ಅಲ್ಲಿಯವರೆಗೆ ನಿನಗೆ ಇಪ್ಪತ್ತೊಂಬತ್ತೇ ಎಂಬುದು ಅವಳ ತೀರ್ಪು. ಈಗ ಗಂಟೆ 9.10. ಕೈಯಲ್ಲಿ ಇನ್ನೂ ಅರ್ಧ ಗಂಟೆಯ ಇಪ್ಪತ್ತೊಂಬತ್ತು ಉಳಿದಿದೆ. ಅಷ್ಟರಲ್ಲಿ ಈ ಎರಡು ಫೋಟೊಗಳ ಕೆಳಗೆ ನಾಲ್ಕು ಸಾಲು ಬರೆದುಬಿಡೋಣ ಎಂದು ಕುಳಿತೆ. ನಾಲ್ಕಕ್ಕೆ ನಿಲ್ಲುವ ಲಕ್ಷಣ ಕಾಣುತ್ತಿಲ್ಲ.

ಮೊದಲ ಫೋಟೊದಲ್ಲಿ ನಿನಗೆ ಎರಡು ವರ್ಷ. ಬಲಗಾಲಿನ ಶೂ ಎಡಗಾಲಿನಲ್ಲಿದೆ, ಎಡಗಾಲಿನದು ಬಲಗಾಲಿನಲ್ಲಿದೆ. ಮುಖದಲ್ಲಿ ಮಾತ್ರ ಕೋಟೆ ಗೆದ್ದು ಬಂದವಳ ನಗು, ಏಕೆಂದರೆ ಯಾರ ಸಹಾಯವೂ ಇಲ್ಲದೆ ಹಾಕಿಕೊಂಡ ಮೊದಲ ಶೂ ಅದು. ಅಪ್ಪ ಸರಿಪಡಿಸಲು ಬಂದರೆ ಕಾಲು ಮುಟ್ಟಗೊಡಲಿಲ್ಲವಂತೆ. ದಿನವಿಡೀ ಹಾಗೆಯೇ ಓಡಾಡಿದೆಯಂತೆ. ಎಲ್ಲಕ್ಕೂ ‘ಅಂತೆ’ ಸೇರಿಸಬೇಕಾಗಿದೆ, ನಿನಗೆ ಅದರ ನೆನಪೇ ಇಲ್ಲವಲ್ಲ. ಮೂರು ವರ್ಷಕ್ಕಿಂತ ಹಿಂದಿನದು ಹೆಚ್ಚಿನವರಿಗೆ ನೆನಪಿನಲ್ಲಿ ಉಳಿಯುವುದಿಲ್ಲ. ಈ ಮೂವತ್ತರಲ್ಲಿ ಮೊದಲ ಮೂರು ವರ್ಷ ನಿನ್ನ ಬಳಿ ಇಲ್ಲವೇ ಇಲ್ಲ ಎಂದಾಯಿತು. ಅವು ಅಮ್ಮನ ಬಳಿ ಇವೆ, ಅಪ್ಪನ ಬಳಿ ಇವೆ. ನೀನು ಮೊದಲು ನಕ್ಕಿದ್ದು, ಮೊದಲು ಬಿದ್ದದ್ದು, ಜ್ವರ ಬಂದಾಗ ಯಾರ ಹೆಗಲ ಮೇಲೆ ನಿದ್ದೆ ಹೋದೆ ಎನ್ನುವುದು, ಎಲ್ಲವನ್ನೂ ಅವರೇ ಜೋಪಾನವಾಗಿ ಎತ್ತಿಟ್ಟಿದ್ದಾರೆ. ಅದಕ್ಕೇ ಇರಬೇಕು, ನಿನ್ನ ವಯಸ್ಸಿನ ಲೆಕ್ಕದಲ್ಲಿ ಅಮ್ಮ ನಿಮಿಷವನ್ನೂ ಬಿಟ್ಟುಕೊಡುವುದಿಲ್ಲ. ಆ ಲೆಕ್ಕದ ಪುಸ್ತಕ ಮೊದಲಿನಿಂದಲೂ ಅವಳದೇ.

ಆಮೇಲಿನ ಕೆಲವು ವರ್ಷ ತಂಗಿಯ ವಶದಲ್ಲಿವೆ. ನೀನು ಕತ್ತಲೆಗೆ ಹೆದರುತ್ತಿದ್ದುದು ಅವಳಿಗೆ ಮಾತ್ರ ಗೊತ್ತು. ನಿನಗಿಂತ ಚಿಕ್ಕವಳಾದರೂ ನಡುರಾತ್ರಿ ಎದ್ದು ದೀಪ ಹಾಕುತ್ತಿದ್ದವಳು ಅವಳೇ. ಇಷ್ಟು ವರ್ಷವಾದರೂ ಆ ಗುಟ್ಟನ್ನು ಯಾರಿಗೂ ಹೇಳಿಲ್ಲ. ಇಂದು ನಾನೇ ಹೇಳಿ ಅವಳನ್ನು ಆ ಭಾರದಿಂದ ಬಿಡಿಸುತ್ತಿದ್ದೇನೆ.

ಇನ್ನು ವಯಸ್ಸಿನ ವಿಷಯ. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಇದೆ. ಅದರ ಲೆಕ್ಕದಲ್ಲಿ ನೀನು ಸರಿಯಾಗಿ ಅರ್ಧದಲ್ಲಿದ್ದೀಯ, ಮೂವತ್ತಕ್ಕೆ ಅರಳು ಮಾತ್ರ ಬಂದಿದೆ. ಮರಳಿಗೆ ಇನ್ನೂ ಮೂವತ್ತು ವರ್ಷ ಕಾಲಾವಕಾಶ ಇದೆ, ಆದ್ದರಿಂದ ನಿಶ್ಚಿಂತೆಯಿಂದ ಅರಳು. ಅದೂ ಸಾಲದಿದ್ದರೆ ಆಕಾಶ ನೋಡು. ಶನಿಗ್ರಹ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29.5 ವರ್ಷ ಬೇಕು. ಅಲ್ಲಿ ಹುಟ್ಟಿದ್ದರೆ ನಿನಗೆ ಈಗಷ್ಟೇ ಒಂದು ವರ್ಷ ತುಂಬಿರುತ್ತಿತ್ತು, ಶೂ ಹಾಕಿಕೊಳ್ಳಲು ಕಲಿಯುವ ದಿನ ಇನ್ನೂ ಮುಂದಿರುತ್ತಿತ್ತು. 88 ದಿನಕ್ಕೇ ವರ್ಷ ಮುಗಿಸುವ ಬುಧನ ಮೇಲಾದರೆ ನಿನಗೆ 124 ದಾಟಿದೆ. ಹಾಗಾಗಿ ಯಾರಾದರೂ ವಯಸ್ಸು ಕೇಳಿದರೆ ಶನಿಯ ಲೆಕ್ಕ ಕೊಡು, ಹಿರಿತನದ ಗೌರವ ಬೇಕೆನಿಸಿದ ದಿನ ಬುಧನದನ್ನು ಕೊಡು.

ಹೋದ ವಾರ ಪಕ್ಕದ ಮನೆಯ ಪುಟ್ಟ ಹುಡುಗ ‘ಆಂಟಿ, ಬಾಲ್ ಕೊಡಿ’ ಎಂದ. ತಿಂಗಳ ಹಿಂದಿನವರೆಗೆ ಅವನಿಗೆ ನೀನು ಅಕ್ಕ. ಅರ್ಜಿ ಹಾಕದೆಯೇ ದೊರೆತ ಬಡ್ತಿ ಇದು! ನೀನು ಬಾಲ್ ಎಸೆದೆ, ಅವನು ಹಿಡಿದ, ‘ಆಂಟಿ ಚೆನ್ನಾಗಿ ಎಸೆಯುತ್ತಾರೆ’ ಎಂದು ಗೆಳೆಯರಿಗೆ ಸಾರಿದ. ಆ ಮಾತು ಇಡೀ ಸಂಜೆ ಮನಸ್ಸಿನಲ್ಲಿ ಗುನುಗುತ್ತಿತ್ತು. ಎಡಗಿವಿಯ ಮೇಲೆ ಒಂದು ಬಿಳಿಕೂದಲೂ ಬಂದಿದೆ. ಒಂಟಿಯಾಗಿ ಬಂದ ಅತಿಥಿ, ಇರಲಿ ಬಿಡು.

ಆದರೆ ಇಂದು ನಿಜವಾಗಿಯೂ ಕೃತಜ್ಞತೆ ಹೇಳಬೇಕಾದವಳು ಇಪ್ಪತ್ನಾಲ್ಕರ ನೀನು. ಅವಳ ಫೋಟೊ ಇಲ್ಲಿಲ್ಲ. ಆ ವರ್ಷ ಅವಳು ಒಂದು ಫೋಟೊವನ್ನೂ ತೆಗೆಸಿಕೊಳ್ಳಲಿಲ್ಲ. ಕೆಲಸ ಹೋಗಿತ್ತು. ಮನೆಯಲ್ಲಿ ಹೇಳಿರಲಿಲ್ಲ. ಎಂದಿನಂತೆ ಎಂಟು ಗಂಟೆಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು, ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಗ್ರಂಥಾಲಯದ ಕಿಟಕಿಯ ಪಕ್ಕದ ಮೇಜಿನಲ್ಲಿ ಕುಳಿತು ಅರ್ಜಿಗಳನ್ನು ಬರೆಯುತ್ತಿದ್ದಳು. ನಾಲ್ಕು ತಿಂಗಳಲ್ಲಿ ನಲವತ್ತೊಂದು ಅರ್ಜಿ ಬರೆದಳು. ಬಹಳಷ್ಟಕ್ಕೆ ಉತ್ತರವೇ ಬರಲಿಲ್ಲ. ನಾನು ಅವಳನ್ನು ಕನಿಕರದಿಂದ ನೆನೆಯುತ್ತಿದ್ದ ಕಾಲವೊಂದಿತ್ತು, ಈಗ ಎದ್ದು ನಿಂತು ನಮಸ್ಕರಿಸಬೇಕೆನಿಸುತ್ತದೆ. ಸೋತೆನೆಂದು ನಂಬಿಕೊಂಡಿದ್ದರೂ ಮರುದಿನದ ಬಟ್ಟೆಯನ್ನು ಇಸ್ತ್ರಿ ಮಾಡಿಟ್ಟೇ ಮಲಗುತ್ತಿದ್ದಳಲ್ಲ! ನಾನು ಈಗ ಕುಳಿತಿರುವ ಈ ಕುರ್ಚಿ, ಈ ಕೆಲಸ, ಈ ನೆಮ್ಮದಿಯ ರಾತ್ರಿ ಎಲ್ಲವೂ ನಲವತ್ತೊಂದನೆಯ ಅರ್ಜಿಯಿಂದ ಬಂದವು. ನಲವತ್ತಕ್ಕೇ ಅವಳು ಸಾಕೆಂದಿದ್ದರೆ?

ಆ ನಾಲ್ಕು ತಿಂಗಳು ಪ್ರತಿ ರಾತ್ರಿ ಫೋನ್ ಮಾಡುತ್ತಿದ್ದ ಗೆಳತಿಯೇ, ಇದನ್ನು ಓದುತ್ತಿದ್ದೀಯೆಂದು ಗೊತ್ತು. ನೀನು ಒಮ್ಮೆಯೂ ‘ಕೆಲಸ ಸಿಕ್ಕಿತೆ’ ಎಂದು ಕೇಳಲಿಲ್ಲ. ‘ಇಂದು ಏನು ಓದಿದೆ’ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ ಎಂದು ದಿನಕ್ಕೆ ಹತ್ತು ಪುಟವಾದರೂ ಓದುತ್ತಿದ್ದೆ. ಆ ವರ್ಷ ನಿನ್ನ ಬಳಿ ಇರಲಿ, ನನಗಿಂತ ಚೆನ್ನಾಗಿ ಕಾಪಾಡಿದವಳು ನೀನು.

ದೇಹಕ್ಕೂ ಒಂದು ಮಾತು ಹೇಳಬೇಕು. ಏಳು ಅಧಿಕ ವರ್ಷಗಳ ಏಳು ದಿನ ಸೇರಿ ಇಂದಿಗೆ 10,957 ದಿನ. ನಿಮಿಷಕ್ಕೆ 70ರಂತೆ ಹಿಡಿದರೂ ಹೃದಯ 110 ಕೋಟಿ ಸಲ ಮಿಡಿದಿದೆ. ಬಾಲ್ಯದಲ್ಲಿ ಅದು ಇನ್ನೂ ವೇಗವಾಗಿ ಬಡಿಯುತ್ತಿದ್ದುದರಿಂದ ನಿಜವಾದ ಎಣಿಕೆ ಇದಕ್ಕಿಂತ ಹೆಚ್ಚೇ. ನೀನು ನಿದ್ದೆ ಮಾಡಿದಾಗಲೂ, ಬದುಕಿನ ಮೇಲೆ ಮುನಿಸಿಕೊಂಡಾಗಲೂ ಅದು ಒಂದು ದಿನ ರಜೆ ಕೇಳಲಿಲ್ಲ. ಬೆನ್ನು ಇತ್ತೀಚೆಗೆ ಆಗಾಗ ಏನೋ ಹೇಳುತ್ತಿದೆ. ಕಿವಿಗೊಡು, ಮೂವತ್ತು ವರ್ಷ ಮಾತಿಲ್ಲದೆ ಹೊತ್ತಿದೆ.

ಎರಡನೆಯ ಫೋಟೊ ಇಂದು ಬೆಳಿಗ್ಗೆ ತಂಗಿ ತೆಗೆದದ್ದು. ಅದೇ ಮನೆ, ಅದೇ ಮೆಟ್ಟಿಲು. ಪಾದಗಳನ್ನು ಗಮನಿಸು. ಬೇಕೆಂದೇ ಶೂಗಳನ್ನು ಅದಲುಬದಲು ಹಾಕಿಕೊಂಡಿದ್ದೀಯ. ಅಪ್ಪ ಬಾಗಿಲಲ್ಲಿ ನಿಂತು ನೋಡಿದರು, ಇಪ್ಪತ್ತೆಂಟು ವರ್ಷ ಹಳೆಯ ಆತುರದಿಂದಲೇ ಸರಿಪಡಿಸಲು ಬಗ್ಗಿದರು. ಈ ಸಲ ಬಿಟ್ಟುಕೊಟ್ಟೆ. ಅವರೇ ಬಿಚ್ಚಿ, ಸರಿಯಾದ ಕಾಲಿಗೆ ಹಾಕಿ, ದಾರ ಕಟ್ಟಿದರು. ಆ ಹೊತ್ತಿನ ಫೋಟೊ ತೆಗೆಯಲು ತಂಗಿಗೆ ಆಗಲಿಲ್ಲ. ಮೊಬೈಲ್ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು.

ಗಂಟೆ 9.38. ಅಡುಗೆಮನೆಯ ದೀಪ ಆರಿತು. ಗಡಿಯಾರ ನೋಡುತ್ತಾ ಅಮ್ಮ ಈ ಕಡೆಗೇ ಬರುತ್ತಿದ್ದಾಳೆ. ಇನ್ನೆರಡು ನಿಮಿಷ ನನಗೆ ಇಪ್ಪತ್ತೊಂಬತ್ತೇ.