4ನೇ ಬ್ಯಾಚ್ ಸೂಪರ್‌ವೈಸರ್ ನಡವಳಿಕೆ ಕುರಿತು ಮಾನವ ಸಂಪನ್ಮೂಲ ವಿಭಾಗಕ್ಕೆ ದೂರು

ದಿನಾಂಕ: 20 ಫೆಬ್ರವರಿ 2026

ಇಂದ:
ಸುಜಾತಾ
ಎಂಡ್‌ಲೈನ್ ಚೆಕರ್, ಟೋಕನ್ 2187
4ನೇ ಬ್ಯಾಚ್, ಎರಡನೇ ಫ್ಲೋರ್

ಗೆ:
ವ್ಯವಸ್ಥಾಪಕರು, ಮಾನವ ಸಂಪನ್ಮೂಲ ವಿಭಾಗ
ಮೈಸೂರು ರಸ್ತೆ ಘಟಕ

ವಿಷಯ: ಔಟ್ ಪಂಚ್ ಆದ ಮೇಲೆ ಕೆಲಸ ಮಾಡಿಸುತ್ತಿರುವುದು ಮತ್ತು ಫೆಬ್ರವರಿ 10ರ ಗಾಯವನ್ನು ದಾಖಲಿಸದಿರುವುದು

ಮಾನ್ಯರೇ,

ನಮ್ಮ ಬ್ಯಾಚಿನ ಸೂಪರ್‌ವೈಸರ್ (ಟೋಕನ್ 1124) ಸಂಜೆ 5:30ಕ್ಕೆ ಟೈಲರ್‌ಗಳಿಂದ ಔಟ್ ಪಂಚ್ ಮಾಡಿಸಿ, ಆಮೇಲೆ ಮತ್ತೆ ಮಷೀನಿಗೆ ಕೂರಿಸಿ ಕೆಲಸ ಮಾಡಿಸುತ್ತಿದ್ದಾರೆ. ಹೀಗೆ ಕೆಲಸ ಮಾಡುತ್ತಿದ್ದಾಗ ಫೆಬ್ರವರಿ 10ರಂದು ಒಬ್ಬ ಟೈಲರ್ ಬೆರಳಿಗೆ ಸೂಜಿ ಹೊಕ್ಕಿತು. ಅದು ಫ್ಯಾಕ್ಟರಿಯಲ್ಲಿ ಆದ ಗಾಯ ಎಂದು ಬರೆಸಬಾರದು ಎಂದು ಸೂಪರ್‌ವೈಸರ್ ಹೇಳಿದ್ದನ್ನು ನಾನೇ ಕೇಳಿದೆ. ಕಣ್ಣಾರೆ ಕಂಡದ್ದನ್ನೂ ಬೇರೆಯವರು ಹೇಳಿದ್ದನ್ನೂ ಬೆರೆಸದೆ ಬರೆಯುತ್ತಿದ್ದೇನೆ.

ಮೊದಲು ಪಂಚಿನ ವಿಷಯ. ಫೆಬ್ರವರಿ 3, 5, 10 ಮತ್ತು 12ರಂದು ನಾನು ಸಂಜೆ ಡ್ಯೂಟಿಯಲ್ಲಿದ್ದೆ. ಈ ನಾಲ್ಕೂ ದಿನ 5:25ರ ಹೊತ್ತಿಗೆ ಸೂಪರ್‌ವೈಸರ್ ಸಾಲಿನಲ್ಲಿ ನಡೆದು ಬಂದು "ಪಂಚ್ ಮಾಡಿ ಬಂದು ಕೂತ್ಕೊಳ್ಳಿ, ಟಾರ್ಗೆಟ್ ಮುಗಿಸಿ ಹೋಗಿ" ಎಂದು ಹೇಳಿದರು. ಟೈಲರ್‌ಗಳು ಬಾಗಿಲ ಹತ್ತಿರದ ಮಷೀನಿಗೆ ಬೆರಳು ಕೊಟ್ಟು ವಾಪಸ್ ಬಂದರು. 6:10, 6:15ರವರೆಗೆ ಬ್ಯಾಚ್ ಓಡಿತು. ನಾವು ಚೆಕರ್‌ಗಳು ಕ್ವಾಲಿಟಿ ವಿಭಾಗಕ್ಕೆ ಸೇರಿದವರಾದ್ದರಿಂದ ನಮ್ಮ ಓಟಿ ಬೇರೆ ಕಡೆ ಬರೆಯುತ್ತಾರೆ, ನಮಗೆ ಅದು ಸಿಗುತ್ತದೆ. ಅದೇ ಹೊತ್ತಿನಲ್ಲಿ ಅದೇ ಶರ್ಟ್ ಹೊಲಿದು ನನ್ನ ಟೇಬಲ್‌ಗೆ ಕಳಿಸಿದ ಟೈಲರ್‌ಗೆ ಸಿಗುವುದಿಲ್ಲ. ಓಟಿಗೆ ಎರಡು ಪಟ್ಟು ಕೂಲಿ ಕೊಡಬೇಕೆಂಬುದು ಕಾನೂನು. ಇವರಿಗೆ ಒಂದು ಪಟ್ಟೂ ಸಿಗುತ್ತಿಲ್ಲ.

ನನ್ನ ಮಾತನ್ನು ಬರೀ ನಂಬಿ ಎಂದು ಕೇಳುತ್ತಿಲ್ಲ. ಎಂಡ್‌ಲೈನ್ ಚೆಕಿಂಗ್ ಶೀಟಿನಲ್ಲಿ ಗಂಟೆಗಂಟೆಗೆ ಎಷ್ಟು ಪೀಸ್ ಪಾಸಾಯಿತು, ಎಷ್ಟು ಆಲ್ಟರ್‌ಗೆ ಹೋಯಿತು ಎಂದು ಬರೆದು ಸಹಿ ಹಾಕುತ್ತೇನೆ. 5:30ರ ನಂತರದ ಕಾಲಂ ನಾಲ್ಕೂ ದಿನ ತುಂಬಿದೆ. ಫೆಬ್ರವರಿ 5ರಂದು ಆಲ್ಟರ್‌ಗೆ ಕಳಿಸಿದ ಪೀಸ್‌ಗಳು 6 ಗಂಟೆಯ ಮೇಲೆ ಸರಿಯಾಗಿ ವಾಪಸ್ ಬಂದದ್ದೂ ಅದರಲ್ಲಿದೆ. ಮನೆಗೆ ಹೋದವರು ಆಲ್ಟರ್ ಮಾಡಿಕೊಡಲು ಸಾಧ್ಯವಿಲ್ಲ. ಆ ಶೀಟ್‌ಗಳನ್ನೂ ಬಯೋಮೆಟ್ರಿಕ್ ಪಂಚ್ ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಗೊತ್ತಾಗುತ್ತದೆ.

ಇನ್ನು ಫೆಬ್ರವರಿ 10. ಗಾಯವಾದ ಟೈಲರ್ ಕಫ್ ಅಟ್ಯಾಚ್ ಮಾಡುವವರು. ಅವರ ಹೆಸರನ್ನು ಬೇಕೆಂದೇ ಬರೆದಿಲ್ಲ, ಈ ಪತ್ರ ಎಷ್ಟು ಜನರ ಕೈಗೆ ಹೋಗುತ್ತದೋ ನನಗೆ ಗೊತ್ತಿಲ್ಲ. ತಮ್ಮ ಮುಂದೆ ಬಾಯಲ್ಲಿ ಹೇಳುತ್ತೇನೆ. ಅವರ ಮಷೀನು ನನ್ನ ಟೇಬಲ್‌ಗೆ ಹತ್ತಿರದಲ್ಲೇ ಇದೆ. 5:50 ದಾಟಿದ ಮೇಲೆ ಅವರು ಕೂಗಿಕೊಂಡರು. ತೋರುಬೆರಳಿನ ಉಗುರಿನ ಮೂಲಕ ಸೂಜಿ ಇಳಿದು ಮುರಿದಿತ್ತು. ಮೆಕ್ಯಾನಿಕ್ ಬಂದು ಚಕ್ರ ತಿರುಗಿಸಿ ಕೈ ಬಿಡಿಸಿದರು. ನಾನೂ ಒಬ್ಬ ಹೆಲ್ಪರ್ ಹುಡುಗಿಯೂ ಬಟ್ಟೆ ಸುತ್ತಿ ಬೆರಳು ಎತ್ತಿ ಹಿಡಿದುಕೊಂಡಿದ್ದೆವು. ಸೂಪರ್‌ವೈಸರ್ ಬಂದು ಹೇಳಿದ ಮಾತು ಇದು: "ಪಂಚ್ ಆಗಿದೆ. ಇಲ್ಲಿ ಆಯ್ತು ಅಂತ ಬರೆಸಿದ್ರೆ ನಿಂಗೂ ತೊಂದರೆ, ನಂಗೂ ತೊಂದರೆ. ಮನೇಲಿ ಆಯ್ತು ಅನ್ನು." ಆಗ ಮೆಕ್ಯಾನಿಕ್ ಕೂಡ ಅಲ್ಲೇ ಇದ್ದರು. ಫಸ್ಟ್ ಏಡ್ ರೂಮಿಗೆ ಕರೆದುಕೊಂಡು ಹೋಗೋಣ ಎಂದೆ. ಬಾಗಿಲು ಹಾಕಿದೆ, ನರ್ಸ್ ಹೋಗಿದ್ದಾರೆ ಎಂದು ಸೂಪರ್‌ವೈಸರ್ ಹೇಳಿದರು.

ಮುರಿದ ಸೂಜಿಯ ರಿಜಿಸ್ಟರ್ ದಯವಿಟ್ಟು ತರಿಸಿ ನೋಡಿ. ಬೇರೆ ಸೂಜಿ ಕೊಡುವ ಮುಂಚೆ ಚೂರುಗಳನ್ನೆಲ್ಲ ಟೇಪ್ ಹಾಕಿ ಅಂಟಿಸಿ, ಸಮಯ, ಮಷೀನ್ ನಂಬರ್, ಟೋಕನ್ ಬರೆಯುವುದು ನಮ್ಮಲ್ಲಿ ಕಡ್ಡಾಯ. ಆ ದಿನದ ಸಾಲಿನಲ್ಲಿ 5:52 ಎಂದಿದೆ, "ತುದಿ ಸಿಕ್ಕಿಲ್ಲ" ಎಂದೂ ಇದೆ. ತುದಿ ಸಿಗದ ಕಾರಣ ಆ ಬಂಡಲ್ ಪೂರ್ತಿ ಮೆಟಲ್ ಡಿಟೆಕ್ಟರ್‌ಗೆ ಹೋಯಿತು. ತುದಿ ಇದ್ದದ್ದು ಆ ಹೆಂಗಸಿನ ಬೆರಳಿನಲ್ಲಿ. ಬಟ್ಟೆಗೆ ಇಷ್ಟು ದಾಖಲೆ ಇದೆ, ಬೆರಳಿಗೆ ಇಲ್ಲ. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತಿದೆ.

ಮುಂದಿನದು ಗಾಯವಾದವರೇ ನನಗೆ ಹೇಳಿದ್ದು. ಮನೆ ಹತ್ತಿರದ ಖಾಸಗಿ ಕ್ಲಿನಿಕ್ಕಿನಲ್ಲಿ ತುದಿ ತೆಗೆಸಿ, ಸ್ವಂತ ಹಣ ಕೊಟ್ಟರು. 11ರಿಂದ 14ರವರೆಗೆ ಬರಲಾಗಲಿಲ್ಲ, ಅಷ್ಟು ದಿನವೂ ಸಂಬಳವಿಲ್ಲದ ರಜೆ ಎಂದು ಹಾಕಲಾಗಿದೆ. ಕೆಲಸದಲ್ಲಾದ ಗಾಯ ಎಂದು ಇಎಸ್‌ಐಗೆ ವರದಿ ಹೋಗಿದ್ದರೆ ಚಿಕಿತ್ಸೆಯೂ ಸಿಗುತ್ತಿತ್ತು, ಆ ದಿನಗಳಿಗೆ ಕೂಲಿಯ ಶೇ. 90ರಷ್ಟು ಹಣವೂ ಬರುತ್ತಿತ್ತು. ಬೆರಳು ಈಗಲೂ ಪೂರ್ತಿ ಮಡಚಲು ಆಗುತ್ತಿಲ್ಲ. ನಾಳೆ ಅದು ಸರಿಹೋಗದಿದ್ದರೆ ಅವರ ಕೈಯಲ್ಲಿ ಯಾವ ಕಾಗದವೂ ಇಲ್ಲ.

ಬೈಗುಳದ ವಿಷಯವನ್ನೂ ಹೇಳಬೇಕು. ಫೆಬ್ರವರಿ 12ರಂದು ಮಧ್ಯಾಹ್ನ ಊಟದ ನಂತರ, ಕಾಲರ್ ಜಾಗದಲ್ಲಿ ಪೀಸ್ ನಿಂತಿತ್ತೆಂದು, ಸೂಪರ್‌ವೈಸರ್ ಬಂಡಲ್ ಎತ್ತಿ ಒಬ್ಬ ಟೈಲರ್ ಮುಖದ ಕಡೆ ಎಸೆದರು. ಭುಜಕ್ಕೆ ತಾಗಿತು. ಆಗ ಆಡಿದ ಮಾತನ್ನು ಇಲ್ಲಿ ಬರೆಯಲಾರೆ, ಕೇಳಿದರೆ ತಮ್ಮೆದುರು ಹೇಳುತ್ತೇನೆ. ಇದು ನಾನು ನೋಡಿದ್ದು. ಇದಲ್ಲದೆ ಒಬ್ಬ ಹೆಲ್ಪರ್ ಬಗ್ಗೆ ಅವರು ಆಡುವ ಮಾತುಗಳ ವಿಷಯ ನನ್ನ ಕಿವಿಗೆ ಬಿದ್ದಿದೆ. ಅದು 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಆಂತರಿಕ ಸಮಿತಿಗೆ ಸೇರಿದ್ದು, ದೂರು ಕೊಡುವುದು ಬಿಡುವುದು ಆ ಹುಡುಗಿಯ ಇಷ್ಟ, ಹಾಗಾಗಿ ಇಲ್ಲಿ ಹೆಚ್ಚು ಹೇಳುವುದಿಲ್ಲ. ಆದರೆ ದೂರಿಗೆ ಮೂರು ತಿಂಗಳ ಗಡುವಿದೆ. ಕ್ಯಾಂಟೀನ್ ಪಕ್ಕದ ಬೋರ್ಡಿನಲ್ಲಿ ಸಮಿತಿಯವರೆಂದು ಹೆಸರಿರುವ ಒಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ, ಅಲ್ಲಿರುವ ಫೋನ್ ನಂಬರ್ ಅವರದ್ದೇ. ಅದನ್ನು ಈ ವಾರವೇ ಬದಲಾಯಿಸಿ.

ಸೂಪರ್‌ವೈಸರ್ ಮೇಲೆ ನನಗೆ ಸ್ವಂತ ದ್ವೇಷವಿಲ್ಲ. ಕೆಲಸ ಬಲ್ಲವರು. ಜನವರಿಯಲ್ಲಿ ಗಂಟೆಗೆ 80 ಇದ್ದ ಟಾರ್ಗೆಟ್ 95 ಆಯಿತು, ಟೈಲರ್‌ಗಳ ಸಂಖ್ಯೆ ಹೆಚ್ಚಲಿಲ್ಲ. ಆ ಒತ್ತಡ ಅವರ ತಲೆಯ ಮೇಲೂ ಇದೆ. ಔಟ್ ಪಂಚ್ ಮಾಡಿಸಲು ಮೇಲಿನವರು ಯಾರಾದರೂ ಹೇಳಿದ್ದಾರೆಯೇ ಎಂಬುದನ್ನೂ ವಿಚಾರಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅವರ ಮಾತನ್ನೂ ಪೂರ್ತಿ ಕೇಳಿ.

ನನ್ನ ಕೋರಿಕೆ ಇಷ್ಟು. ಈ ನಾಲ್ಕು ದಿನಗಳ ಸಿಸಿಟಿವಿ ದೃಶ್ಯ ಅಳಿಯುವ ಮುಂಚೆ ತೆಗೆದಿಡಿಸಿ. ಫೆಬ್ರವರಿ 10ರ ಗಾಯವನ್ನು ಅಪಘಾತ ರಿಜಿಸ್ಟರ್‌ನಲ್ಲಿ ಬರೆಸಿ ಇಎಸ್‌ಐಗೆ ವರದಿ ಕಳಿಸಿ. ಲೆಕ್ಕ ಹಾಕಿ ಟೈಲರ್‌ಗಳ ಓಟಿ ಕೊಡಿಸಿ. ವಿಚಾರಣೆಗೆ ಯಾರನ್ನೇ ಕರೆಯುವಾಗ ಮೈಕಿನಲ್ಲಿ ಟೋಕನ್ ಕೂಗಿಸಬೇಡಿ. ಹಾಗೆ ಕೂಗಿದ ಕೂಡಲೇ ಫ್ಲೋರ್ ಪೂರ್ತಿ ತಿರುಗಿ ನೋಡುತ್ತದೆ, ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಗಾಯವಾದವರನ್ನು ಬೇರೆ ಬ್ಯಾಚಿಗೆ ಹಾಕುವುದರಿಂದಲೂ ಪ್ರಯೋಜನವಿಲ್ಲ, ತಪ್ಪು ಅವರದ್ದೆಂದು ಎಲ್ಲರೂ ತಿಳಿಯುತ್ತಾರೆ.

ವಿಚಾರಣೆಯಲ್ಲಿ ಸೂಪರ್‌ವೈಸರ್ ಎದುರಿನಲ್ಲೂ ಇದನ್ನೇ ಹೇಳಲು ಸಿದ್ಧಳಿದ್ದೇನೆ. ಪತ್ರ ತಲುಪಿದ್ದಕ್ಕೆ ಸಹಿ ಮಾಡಿದ ಪ್ರತಿ ಕೊಡಿ. ಮುಂದೆ ಏನು ಕ್ರಮ ಎಂಬುದನ್ನು ಫೆಬ್ರವರಿ 27ರೊಳಗೆ ಬರಹದಲ್ಲಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಸುಜಾತಾ
ಟೋಕನ್ 2187

ಲಗತ್ತು: ಫೆಬ್ರವರಿ 3, 5, 10, 12ರ ಎಂಡ್‌ಲೈನ್ ಚೆಕಿಂಗ್ ಶೀಟ್‌ಗಳ ಜೆರಾಕ್ಸ್ ಪ್ರತಿ